ಅಡ್ಡ ಕುಳಿತವರ ಸೆರಗು ಯಾವ ಕಡೆಗೆ ಬೀಳುತ್ತದೆ? ಸ್ಕೂಟರ್, ಸೀರೆ ಮತ್ತು ಹಿಂದಿನ ಚಕ್ರ

ಸಾಲಗಾಮೆ ರಸ್ತೆ ಟೀಚರ್ (ಹಾಸನ)

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಬೇಲೂರಿನಲ್ಲಿ ನಾದಿನಿಯ ಮನೆಯ ಗೃಹಪ್ರವೇಶ. ನಮ್ಮ ಮನೆಯವರು ಊರಿನಲ್ಲಿರುವುದಿಲ್ಲ, ಹಾಗಾಗಿ ಅತ್ತೆಯನ್ನು ನಾನೇ ಸ್ಕೂಟರಿನಲ್ಲಿ ಕರೆದುಕೊಂಡು ಹೋಗಬೇಕು. ಬಸ್ಸಿನಲ್ಲಿ ಹೋಗೋಣವೆಂದರೆ ಬೆಳಗಿನ ಜಾವದ ಪೂಜೆಗೆ ಹೊತ್ತಿಗೆ ಸರಿಯಾಗಿ ತಲುಪುವುದಿಲ್ಲ ಎನ್ನುತ್ತಾರೆ. ಅವರಿಗೆ ಅರವತ್ತು ದಾಟಿದೆ. ರೇಷ್ಮೆ ಸೀರೆ ಉಡುತ್ತಾರೆ, ಸೆರಗಿಗೆ ಉದ್ದನೆಯ ಕುಚ್ಚು ಇದೆ, ಒಂದೇ ಕಡೆಗೆ ಕಾಲು ಇಳಿಬಿಟ್ಟು ಅಡ್ಡ ಕೂರುತ್ತಾರೆ. ಎರಡೂ ಕಡೆ ಕಾಲು ಹಾಕಿ ಕುಳಿತುಕೊಳ್ಳಿ ಎಂದು ಹೇಳುವ ಧೈರ್ಯ ನನಗಿಲ್ಲ.

ನಾನೂ ಶಾಲೆಗೆ ಸೀರೆಯಲ್ಲೇ ಹೋಗುವವಳು, ಆದರೆ ಒಬ್ಬಳೇ ಓಡಿಸುವಾಗ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರೆ ಮುಗಿಯಿತು. ಹಿಂದೆ ಕುಳಿತವರದ್ದು ನನಗೆ ಕಾಣಿಸುವುದಿಲ್ಲವಲ್ಲ, ಅದೇ ಭಯ. ಸ್ಕೂಟರ್ ಕೊಂಡಾಗ ಸೀರೆ ಗಾರ್ಡ್ ಬೇಕೇ ಎಂದು ಕೇಳಿದ್ದಕ್ಕೆ, ಅದು ಬೈಕಿಗೆ ಮಾತ್ರ, ಸ್ಕೂಟರಿಗೆ ಬೇಕಾಗಿಲ್ಲ ಎಂದರು. ಇದು ನಿಜವೇ? ಸೆರಗನ್ನು ಹೇಗೆ ಕಟ್ಟಿದರೆ ಸುರಕ್ಷಿತ? ತಿಳಿದವರು ಹೇಳಿ.

ಕಡೂರು ಎಕ್ಸ್‌ಪ್ರೆಸ್

ಅಂಗಡಿಯವರು ಸರಿಯಾಗಿಯೇ ಹೇಳಿದ್ದಾರೆ. ಸ್ಕೂಟರಿನಲ್ಲಿ ಚೈನ್ ಇರುವುದಿಲ್ಲ. ಬೆಲ್ಟ್ ಪೂರ್ತಿ ಎಂಜಿನ್ನಿನ ಡಬ್ಬಿಯೊಳಗೆ ಇರುತ್ತದೆ. ಎಡಗಡೆ ಆ ಡಬ್ಬಿಯೇ ಚಕ್ರವನ್ನು ಮುಚ್ಚಿರುತ್ತದೆ. ಅತ್ತೆಯವರು ಎಡಕ್ಕೆ ಮುಖ ಮಾಡಿ ತಾನೆ ಕೂರುವುದು? ಸೀರೆಯ ಅಂಚು ಬೀಳುವುದು ಆ ಡಬ್ಬಿಯ ಮೇಲೆ. ಸಿಕ್ಕಿಕೊಳ್ಳಲು ಅಲ್ಲಿ ಏನೂ ಇಲ್ಲ. ಸೆರಗನ್ನು ತೊಡೆಯ ಕೆಳಗೆ ಅದುಮಿಕೊಂಡು ಕುಳಿತರೆ ಸಾಕು. ಸುಮ್ಮನೆ ಹೆದರಬೇಡಿ ಅಕ್ಕ.

ಮೂಡಿಗೆರೆ ಕಾಫಿ

ಹೆಂಗಸರದ್ದಷ್ಟೇ ಏಕೆ, ಪಂಚೆಯವರ ಕಷ್ಟವನ್ನೂ ಯಾರಾದರೂ ಕೇಳಬೇಕು. ನನ್ನ ಹಳೆಯ ಬೈಕಿನ ಚೈನ್ ಕವರ್ ಸದ್ದು ಮಾಡುತ್ತಿದೆ ಎಂದು ಗ್ಯಾರೇಜಿನಲ್ಲಿ ಬಿಚ್ಚಿಟ್ಟಿದ್ದರು. ಸಂತೆಯ ದಿನ ಬಸ್ ನಿಲ್ದಾಣದ ಎದುರಿಗೇ ಪಂಚೆಯ ಚುಂಗು ಚೈನಿಗೆ ಸಿಕ್ಕಿತು. ಗಾಡಿ ನಿಂತಿತು, ಪಂಚೆ ಮಾತ್ರ ಹೋಗಿಯೇ ಹೋಯಿತು. ಒಳಗೆ ಚಡ್ಡಿ ಇದ್ದದ್ದು ಪುಣ್ಯ. ಆಮೇಲೆ ಎಷ್ಟು ಎಳೆದರೂ ಬರಲಿಲ್ಲ, ಕತ್ತರಿಸಿಯೇ ತೆಗೆಯಬೇಕಾಯಿತು. ಇದಕ್ಕೆ ಏನಾದರೂ ಗಾರ್ಡ್ ಸಿಗುತ್ತದೆಯೇ?

ರಿಂಚು ಪಾನ (ಹಾಸನ)

ಬಿ.ಎಂ. ರಸ್ತೆಯ ಕಡೆ ಬಹಳ ಕಾಲದಿಂದ ದ್ವಿಚಕ್ರ ವಾಹನದ ಕೆಲಸ ಮಾಡುತ್ತಿದ್ದೇನೆ. ಟೀಚರ್ ಮೇಡಂ, ಕಡೂರಿನವರು ಹೇಳಿದ್ದರಲ್ಲಿ ಎಡಗಡೆಯ ಮಾತು ಸರಿ. ಬಲಗಡೆಯನ್ನು ಅವರು ಮರೆತಿದ್ದಾರೆ, ಕೆಲಸ ಕೆಡುವುದೂ ಅಲ್ಲಿಯೇ.

ಒಂದು ನಿಮಿಷ ಮನಸ್ಸಿನಲ್ಲೇ ಅತ್ತೆಯವರನ್ನು ಕೂರಿಸಿ ನೋಡಿ. ಅವರ ಮುಖ ರಸ್ತೆಯ ಎಡಕ್ಕೆ. ಹಾಗಾದರೆ ಬೆನ್ನು ಯಾವ ಕಡೆಗೆ? ಗಾಡಿಯ ಬಲಕ್ಕೆ. ಎಡ ಭುಜ ಯಾವ ಕಡೆಗೆ? ಗಾಡಿಯ ಹಿಂದಕ್ಕೆ. ನಮ್ಮ ಕಡೆ ಸೆರಗು ಎಡ ಭುಜದ ಮೇಲಿನಿಂದ ಬೆನ್ನಿನ ಮೇಲೆ ಇಳಿಯುತ್ತದೆ. ಅಂದರೆ ಅದು ಗಾಡಿಯ ಬಲ ಹಿಂಬದಿಯ ಮೂಲೆಯಲ್ಲಿ, ಚಕ್ರದ ನೇರ ಮೇಲೆ ನೇತಾಡುತ್ತದೆ. ಗಾಳಿಯೂ ಅದನ್ನು ಹಿಂದಕ್ಕೇ ತಳ್ಳುತ್ತದೆ. ಎಡಗಡೆ ಇಳಿಯುವುದು ನೆರಿಗೆ ಮತ್ತು ಕೆಳಗಿನ ಅಂಚು, ಅಷ್ಟೇ.

ಈಗ ಗಾಡಿಯನ್ನು ಸೆಂಟರ್ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಬಲಗಡೆ ಕುಕ್ಕರಗಾಲಿನಲ್ಲಿ ಕುಳಿತು ನೋಡಿ. ಸೈಲೆನ್ಸರ್ ಇದೆ. ಅದರ ಮತ್ತು ಚಕ್ರದ ನಡುವೆ ಒಂದು ಸಂದು ಇದೆ. ಆ ಸಂದಿನೊಳಗೆ ಚಕ್ರದ ದೊಡ್ಡ ನಟ್ಟು ಕಾಣುತ್ತದೆ. ಸಾದಾ ಪೆಟ್ರೋಲ್ ಸ್ಕೂಟರುಗಳಲ್ಲಿ ಸಾಮಾನ್ಯವಾಗಿ ಈ ನಟ್ಟು ಚಕ್ರದ ಜೊತೆಯಲ್ಲೇ ತಿರುಗುತ್ತದೆ. ಸೆರಗಿನ ತುದಿ ಅಲ್ಲಿಗೆ ಇಳಿದರೆ ನೂಲಿನ ಉಂಡೆಯಂತೆ ಸುತ್ತಿಕೊಳ್ಳುತ್ತದೆ. ಕುಚ್ಚಿನ ಗಂಟು ಒಮ್ಮೆ ಸಿಕ್ಕಿಕೊಂಡರೆ ಜಾರಿ ಹೊರಗೆ ಬರುವುದೂ ಇಲ್ಲ.

ಇನ್ನೊಂದು ದಾರಿ ಹಿಂದಿನಿಂದ. ಟೈರಿಗೂ ಮಡ್‌ಗಾರ್ಡಿಗೂ ನಡುವೆ ಇರುವ ಜಾಗ. ಕೆಲವು ಗಾಡಿಗಳಲ್ಲಿ ಒಳಗಿನ ಪ್ಲಾಸ್ಟಿಕ್ ಮಡ್‌ಗಾರ್ಡ್ ಒಡೆದಿರುತ್ತದೆ, ಜನ ಬಿಚ್ಚಿ ಎಸೆದು ಸುಮ್ಮನಾಗುತ್ತಾರೆ. ಅದಿದೆಯೇ ಎಂದು ನೋಡಿಕೊಳ್ಳಿ.

ಮೂಡಿಗೆರೆ ಸರ್, ನಿಮ್ಮದಕ್ಕೆ ಹೊಸ ಗಾರ್ಡ್ ಬೇಡ, ಬಿಚ್ಚಿಟ್ಟ ಚೈನ್ ಕವರನ್ನು ಬುಷ್ ಬದಲಿಸಿ ಮತ್ತೆ ಹಾಕಿಸಿ. ಸದ್ದು ಬಂದರೆ ಕವರನ್ನೇ ತೆಗೆಯುವುದು ರಿಪೇರಿಯಲ್ಲ. ಮುಂದೆ ಎಂದಾದರೂ ಸಿಕ್ಕಿದರೆ ಗಾಡಿಯನ್ನು ನ್ಯೂಟ್ರಲಿಗೆ ತಂದು ಚಕ್ರವನ್ನು ಕೈಯಿಂದ ಹಿಂದಕ್ಕೆ ತಿರುಗಿಸಿ. ಎಳೆದರೆ ಹಲ್ಲುಚಕ್ರ ಇನ್ನಷ್ಟು ಕಚ್ಚಿಕೊಳ್ಳುತ್ತದೆ. ಓಡಿಸುವಾಗ ಪಂಚೆಯನ್ನು ಮೊಣಕಾಲಿಗೆ ಮಡಿಚಿ ಕಟ್ಟಿ.

ಮೂಡಿಗೆರೆ ಕಾಫಿ

ಮಡಿಚಿ ಕಟ್ಟಿದರೆ ನಮ್ಮ ಮನೆಯಾಕೆ ಬಯ್ಯುತ್ತಾಳೆ. ಇರಲಿ, ಕವರ್ ಹುಡುಕುತ್ತೇನೆ.

ಕಡೂರು ಎಕ್ಸ್‌ಪ್ರೆಸ್

ಬಲಗಡೆಯ ಮಾತನ್ನು ನಾನು ಯೋಚಿಸಿರಲಿಲ್ಲ, ಒಪ್ಪುತ್ತೇನೆ. ಆದರೆ ತೊಡೆಯ ಕೆಳಗೆ ಅದುಮಿಕೊಂಡರೆ ಸೆರಗು ಹೇಗೆ ಹೊರಗೆ ಬರುತ್ತದೆ? ನಮ್ಮ ಅಮ್ಮ ಮೊದಲಿನಿಂದಲೂ ಹಾಗೆಯೇ ಕೂರುವುದು.

ರಿಂಚು ಪಾನ (ಹಾಸನ)

ರಸ್ತೆಯ ಹಂಪಿನಲ್ಲಿ ಹೊರಗೆ ಬರುತ್ತದೆ. ಒಂದು ಪ್ರಕರಣ ಹೇಳುತ್ತೇನೆ.

ಹಾಸನಾಂಬೆಯ ಬಾಗಿಲು ತೆರೆದಿದ್ದ ದಿನಗಳು. ಆ ಸಮಯದಲ್ಲಿ ಊರಿನಲ್ಲೆಲ್ಲ ರೇಷ್ಮೆ ಸೀರೆಯೇ, ಗಾಡಿಗಳೂ ಹೆಚ್ಚು. ಸೊಸೆ ಓಡಿಸುತ್ತಿದ್ದರು, ಅತ್ತೆ ಹಿಂದೆ ಅಡ್ಡ ಕುಳಿತಿದ್ದರು. ಸೆರಗನ್ನು ನೀವು ಹೇಳಿದಂತೆಯೇ ತೊಡೆಯ ಕೆಳಗೆ ಅದುಮಿಕೊಂಡಿದ್ದರಂತೆ. ಹಂಪ್ ದಾಟುವಾಗ ಹಿಂದೆ ಕುಳಿತವರು ಒಂದು ಕ್ಷಣ ಸೀಟಿನಿಂದ ಮೇಲೇಳುತ್ತಾರೆ. ಎರಡೂ ಕಡೆ ಕಾಲು ಹಾಕಿದವರಾದರೆ ಕಾಲಿನಿಂದ ಊರಿಕೊಳ್ಳುತ್ತಾರೆ, ಅಡ್ಡ ಕುಳಿತವರಿಗೆ ಅದೂ ಆಗುವುದಿಲ್ಲ. ಆ ಕ್ಷಣದಲ್ಲಿ ಭಾರ ತಪ್ಪಿ, ಕುಚ್ಚಿನ ತೂಕಕ್ಕೆ ಸೆರಗು ಬಲಕ್ಕೆ ಜಾರಿದೆ. ಹಂಪ್ ಇಳಿದ ಮೇಲೆ ಸೊಸೆ ಆಕ್ಸಿಲರೇಟರ್ ಕೊಟ್ಟಿದ್ದಾರೆ. ಸ್ವಲ್ಪ ದೂರದಲ್ಲೇ ಅತ್ತೆಯವರು ಬೆನ್ನ ಹಿಂದಕ್ಕೆ ಉರುಳಿ ಬಿದ್ದರು. ಭುಜದ ಪಿನ್ ರವಿಕೆಯನ್ನು ಹರಿದುಕೊಂಡು ಬಂದಿತ್ತು. ಮೊಣಕೈ ಕೆತ್ತಿಹೋಗಿತ್ತು, ಭುಜ ಊದಿತ್ತು. ವೇಗ ಕಡಿಮೆ ಇದ್ದದ್ದರಿಂದ ಅಷ್ಟಕ್ಕೇ ಮುಗಿಯಿತು.

ಗಾಡಿಯನ್ನು ನನ್ನ ಹತ್ತಿರ ತಂದರು. ಚಕ್ರ ಬಿಚ್ಚಿದಾಗ ನಟ್ಟಿನ ಸುತ್ತ ಜರಿಯ ಅಂಚು ಹಗ್ಗದಂತೆ ಹುರಿಯಾಗಿತ್ತು. ಸೈಲೆನ್ಸರಿಗೆ ತಗುಲಿದ ಭಾಗ ಸುಟ್ಟು ಕಪ್ಪಾಗಿತ್ತು. ಇಂತಹ ಗಾಡಿಯನ್ನು, ಮೇಲೆ ಕಾಣುವ ಬಟ್ಟೆ ಕತ್ತರಿಸಿ ತೆಗೆದ ಮಾತ್ರಕ್ಕೆ ಓಡಿಸಬೇಡಿ. ಒಳಗೆ ಉಳಿದ ನೂಲು ಆಯಿಲ್ ಸೀಲನ್ನು ಕೊರೆಯಬಹುದು, ಎಣ್ಣೆ ಬ್ರೇಕಿನೊಳಗೆ ಇಳಿದರೆ ಹಿಂದಿನ ಬ್ರೇಕು ಹಿಡಿಯುವುದಿಲ್ಲ. ಚಕ್ರ ಬಿಚ್ಚಿಸಿಯೇ ನೋಡಬೇಕು.

ಎಳೆತ ಗೊತ್ತಾದ ಕೂಡಲೇ ನಿಲ್ಲಿಸಿದರಾಯಿತು ಎನ್ನುವವರಿಗೆ ಒಂದು ಲೆಕ್ಕ. ಹತ್ತು ಇಂಚಿನ ರಿಮ್ಮಿನ ಚಕ್ರ ಟೈರ್ ಸೇರಿ ಒಂದು ಸುತ್ತಿಗೆ ಒಂದೂಕಾಲು ಮೀಟರಿಗಿಂತ ಸ್ವಲ್ಪ ಹೆಚ್ಚು ಉರುಳುತ್ತದೆ. ಗಂಟೆಗೆ 30 ಕಿಲೋಮೀಟರಿನಲ್ಲಿ ಹೋದರೆ ಸೆಕೆಂಡಿಗೆ ಸುಮಾರು 6 ಸುತ್ತು. ನಟ್ಟಿನ ಸುತ್ತ ಬಟ್ಟೆ ಒಂದು ಸುತ್ತಿಗೆ ಒಂದು ಗೇಣು ಎಂದಿಟ್ಟುಕೊಳ್ಳಿ, ಸೆಕೆಂಡಿಗೆ 6 ಗೇಣು ಒಳಗೆ ಹೋಗುತ್ತದೆ. ಸುತ್ತು ದಪ್ಪವಾದಂತೆ ಇನ್ನೂ ಬೇಗ. ಸೆರಗಿನಲ್ಲಿ ಸಡಿಲ ಇರುವುದು ಎರಡು ಮೂರು ಗೇಣು. ನೀವು ಬ್ರೇಕಿನ ಮೇಲೆ ಬೆರಳು ಇಡುವುದರೊಳಗೆ ಅದು ಮುಗಿದಿರುತ್ತದೆ. ಆದ್ದರಿಂದ ಹೊರಡುವ ಮುಂಚೆ ಮಾಡಿದ್ದಷ್ಟೇ ಕೈಗೆ ಬರುವುದು.

ಕುಚ್ಚು ಕಟ್ಟುವವಳು (ಚನ್ನರಾಯಪಟ್ಟಣ)

ನಾನು ಸೀರೆಗೆ ಕುಚ್ಚು ಕಟ್ಟುತ್ತೇನೆ, ಮದುವೆ ಹೆಣ್ಣಿಗೆ ಸೀರೆ ಉಡಿಸಲೂ ಹೋಗುತ್ತೇನೆ. ಅಕ್ಕ, ಸೆರಗನ್ನು ಸೊಂಟಕ್ಕೆ ಸಿಕ್ಕಿಸುವುದು ಎಲ್ಲರಿಗೂ ಗೊತ್ತು, ಆದರೆ ಉಟ್ಟು ಮುಗಿದ ಮೇಲೆ ಸಿಕ್ಕಿಸಲು ಹೊರಟರೆ ಉದ್ದ ಸಾಲುವುದಿಲ್ಲ. ಅರ್ಧ ದಾರಿಯಲ್ಲಿ ಬಿಚ್ಚಿಕೊಳ್ಳುವುದು ಅದಕ್ಕೇ. ಉಡುವಾಗಲೇ ಒಂದು ನೆರಿಗೆ ಕಡಿಮೆ ಮಾಡಿ, ಸೆರಗನ್ನು ಒಂದು ಗೇಣು ಹೆಚ್ಚು ಬಿಡಿ. ಸೆರಗಿನ ಮಡಿಕೆಗಳನ್ನು ನಾಲ್ಕು ಬೆರಳಗಲಕ್ಕೆ ಜೋಡಿಸಿ ಭುಜದಲ್ಲಿ ಪಿನ್ ಹಾಕಿ. ಬೆನ್ನ ಮೇಲೆ ಇಳಿದ ತುದಿಯನ್ನು ಬಲ ಸೊಂಟದ ಮೇಲಿನಿಂದ ಮುಂದಕ್ಕೆ ತಂದು, ಹೊಕ್ಕುಳಿನ ಎಡಕ್ಕೆ, ನೆರಿಗೆ ಸಿಕ್ಕಿಸಿದ ಜಾಗದ ಹತ್ತಿರ, ಲಂಗದ ಲಾಡಿಯ ಒಳಗೆ ಕುಚ್ಚು ಸಮೇತ ತಳ್ಳಿ. ಕುಚ್ಚು ಹೊರಗೆ ಕಾಣಲೆಂದು ಬಿಡಬೇಡಿ. ಬೆನ್ನಿನ ಕಡೆ ಸೊಂಟದ ಹತ್ತಿರ ಇನ್ನೊಂದು ಪಿನ್ ಬೇಕು, ಇಲ್ಲದಿದ್ದರೆ ಗಾಳಿಗೆ ಅಲ್ಲಿ ಜೋಳಿಗೆ ಹಾಗೆ ಉಬ್ಬುತ್ತದೆ.

ರೇಷ್ಮೆಗೆ ದೊಡ್ಡ ಪಿನ್ ಒಳ್ಳೆಯದಲ್ಲ, ನೂಲು ಕಿತ್ತುಬರುತ್ತದೆ. ಎರಡು ಸಣ್ಣ ಪಿನ್ ಹಾಕಿ. ಜಾರ್ಜೆಟ್, ಶಿಫಾನ್ ಆದರೆ ಇದಕ್ಕಿಂತಲೂ ಎಚ್ಚರ. ಹಗುರವಾದ್ದರಿಂದ ಸುಮ್ಮನಿರುವುದಿಲ್ಲ, ಸಿಕ್ಕಿಕೊಂಡರೆ ಹರಿಯುವುದೂ ಇಲ್ಲ. ಹಳೆಯ ಹತ್ತಿ ಸೀರೆಯಾದರೆ ಹರಿದಾದರೂ ಬಿಡುತ್ತದೆ.

ರತ್ನಗಿರಿ ಸಿಸ್ಟರ್ (ಚಿಕ್ಕಮಗಳೂರು)

ನಾನು ನರ್ಸ್, ತುರ್ತು ಚಿಕಿತ್ಸಾ ವಿಭಾಗದಲ್ಲಿ ಕೆಲಸ. ಪಿನ್ನಿನ ವಿಷಯದಲ್ಲಿ ನನಗೆ ಅನುಮಾನವಿದೆ. ಅಷ್ಟು ಗಟ್ಟಿಯಾಗಿ ಪಿನ್ ಹಾಕಿದ ಸೆರಗು ಸಿಕ್ಕಿಕೊಂಡರೆ ಮನುಷ್ಯರನ್ನೂ ಜೊತೆಗೆ ಎಳೆಯುತ್ತದೆ. ಪಿನ್ ಇಲ್ಲದಿದ್ದರೆ ಬಟ್ಟೆ ಮಾತ್ರ ಹೋಗುತ್ತದಲ್ಲವೇ?

ಆದರೆ ನನಗೆ ಸೀರೆಗಿಂತ ಹೆಚ್ಚು ಭಯ ದುಪಟ್ಟಾ. ಸೀರೆ ಸೊಂಟದಲ್ಲಿ ಕೂತಿರುತ್ತದೆ, ದುಪಟ್ಟಾ ಕುತ್ತಿಗೆಯಲ್ಲಿ. ಕಾಲೇಜು ಹುಡುಗಿಯರು ಧೂಳಿಗೆಂದು ಅದನ್ನು ಮುಖಕ್ಕೆ ಸುತ್ತಿ, ಕತ್ತಿನ ಹಿಂದೆ ಗಂಟು ಹಾಕಿ, ತುದಿಗಳನ್ನು ಬೆನ್ನ ಮೇಲೆ ಬಿಟ್ಟು, ಮೇಲೆ ಹೆಲ್ಮೆಟ್ ಹಾಕುತ್ತಾರೆ. ಆ ಗಂಟು ಬಿಚ್ಚಿಕೊಳ್ಳುವುದಿಲ್ಲ. ಸಿಕ್ಕಿದರೆ ಕುಣಿಕೆಯಾಗುತ್ತದೆ.

ಹಾಗೆ ಎಳೆತ ಬಿದ್ದವರು ಎದ್ದು ನಿಂತು, ನನಗೇನೂ ಆಗಿಲ್ಲ ಎಂದು ಮನೆಗೆ ಹೋಗಿಬಿಡುವುದುಂಟು. ದಯವಿಟ್ಟು ಹಾಗೆ ಮಾಡಬೇಡಿ. ಗಂಟಲಿನ ಒಳಗಿನ ಊತ ಕೆಲವು ಗಂಟೆ ಕಳೆದ ಮೇಲೂ ಬರಬಹುದು. ಧ್ವನಿ ಒಡೆಯುವುದು, ಉಗುಳು ನುಂಗುವಾಗ ನೋವು, ಉಸಿರಾಡುವಾಗ ಸಿಳ್ಳೆಯಂತಹ ಸದ್ದು, ಕುತ್ತಿಗೆಯಲ್ಲಿ ಊತ, ಇವುಗಳಲ್ಲಿ ಒಂದು ಕಂಡರೂ ತಡಮಾಡಬಾರದು. ಏನೂ ಕಾಣದಿದ್ದರೂ ಅಂದೇ ಒಮ್ಮೆ ವೈದ್ಯರಿಗೆ ತೋರಿಸಬೇಕು. ಸ್ಥಳದಲ್ಲಿರುವವರು ಮೊದಲು ಎಂಜಿನ್ ಆರಿಸಿ, ಕುತ್ತಿಗೆಯ ಹತ್ತಿರದಲ್ಲೇ ಬಟ್ಟೆಯನ್ನು ಕತ್ತರಿಸಬೇಕು. ಚಕ್ರದ ಕಡೆಯಿಂದ ಬಿಡಿಸುತ್ತಾ ಕೂತರೆ ಹೊತ್ತು ಹೋಗುತ್ತದೆ. ಕುತ್ತಿಗೆ ನೋವು ಎಂದರೆ ಎಬ್ಬಿಸಿ ಕೂರಿಸಬೇಡಿ, ಮಲಗಿದ್ದಲ್ಲೇ ಇರಿಸಿ 108ಕ್ಕೆ ಕರೆ ಮಾಡಿ.

ರಿಂಚು ಪಾನ (ಹಾಸನ)

ಸಿಸ್ಟರ್, ಪಿನ್ನಿನ ಪ್ರಶ್ನೆ ನ್ಯಾಯವಾದದ್ದು. ನನ್ನ ಅಭಿಪ್ರಾಯ ಇಷ್ಟು. ತುದಿ ಹೊರಗೆ ನೇತಾಡುತ್ತಿದ್ದರೆ ಭುಜದ ಪಿನ್ ಅಪಾಯವೇ. ತುದಿ ಸೊಂಟದೊಳಗೆ ಹೋಗಿದ್ದರೆ ಪಿನ್ ಅದನ್ನು ಅಲ್ಲಿಯೇ ಉಳಿಸುತ್ತದೆ. ಭುಜಕ್ಕೆ ಮಾತ್ರ ಪಿನ್ ಹಾಕಿ ತುದಿಯನ್ನು ಬಿಟ್ಟುಬಿಡುವುದು ಪಿನ್ನೇ ಹಾಕದಿರುವುದಕ್ಕಿಂತಲೂ ಕೆಟ್ಟದ್ದು, ಹೆಚ್ಚಿನವರು ಮಾಡುವುದು ಅದನ್ನೇ.

ರತ್ನಗಿರಿ ಸಿಸ್ಟರ್ (ಚಿಕ್ಕಮಗಳೂರು)

ಸೀರೆಗೆ ಒಪ್ಪಬಹುದೇನೋ. ದುಪಟ್ಟಾಕ್ಕೆ ಒಪ್ಪುವುದಿಲ್ಲ. ಎರಡೂ ಭುಜಕ್ಕೆ ಪಿನ್ ಹಾಕಿ ತುದಿ ಬೆನ್ನಿಗೆ ಬಿಟ್ಟವರನ್ನು ಕಂಡರೆ ನನಗೆ ಮೈ ನಡುಗುತ್ತದೆ.

ಕಾನೂನು ಕಟ್ಟೆ (ಹಾಸನ)

ಗಾರ್ಡ್ ಬೇಕೇ ಬೇಡವೇ ಎಂಬುದಕ್ಕೆ ನಿಯಮವೇ ಇದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮದಂತೆ ಮೋಟಾರ್ ಸೈಕಲ್ಲಿನಲ್ಲಿ ಹಿಂದೆ ಕೂರುವವರಿಗೆ ಹಿಡಿಕೆ, ಕಾಲಿಡುವ ಜಾಗ, ಮತ್ತು ಅವರ ಬಟ್ಟೆ ಸಿಕ್ಕದಂತೆ ಹಿಂದಿನ ಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಮುಚ್ಚುವ ಸಾಧನ ಇರಬೇಕು. ಯುವಕರು ಅಂದಕ್ಕೆಂದು ಬಿಚ್ಚಿಡುವ ಆ ಕಂಬಿಯ ಜಾಲರಿ ಅಲಂಕಾರದ ವಸ್ತುವಲ್ಲ.

ಈ ಅಪಾಯ ನಮ್ಮ ಸೀರೆಗೆ ಮಾತ್ರ ಸೇರಿದ್ದೂ ಅಲ್ಲ. ಅಮೆರಿಕದ ನೃತ್ಯಗಾರ್ತಿ ಇಸಡೋರಾ ಡಂಕನ್ 1927ರಲ್ಲಿ ಫ್ರಾನ್ಸಿನ ನೀಸ್ ನಗರದಲ್ಲಿ ತೀರಿಕೊಂಡದ್ದು, ತೆರೆದ ಕಾರಿನ ಚಕ್ರಕ್ಕೆ ಕೊರಳಿನ ಉದ್ದನೆಯ ಶಾಲು ಸಿಕ್ಕಿ.

ಕಡೂರು ಎಕ್ಸ್‌ಪ್ರೆಸ್

ಹಾಗಾದರೆ ಬೈಕಿನಲ್ಲಿ ಗಾರ್ಡ್ ಇರುವುದರಿಂದ ಸ್ಕೂಟರಿಗಿಂತ ಬೈಕೇ ಸುರಕ್ಷಿತ ಎಂದಾಯಿತು?

ರಿಂಚು ಪಾನ (ಹಾಸನ)

ಇಲ್ಲ. ಬೈಕಿನ ಜಾಲರಿ ಇರುವುದು ಎಡಗಡೆ. ನೆರಿಗೆಯನ್ನೂ ಅಂಚನ್ನೂ ಅದು ಕಾಯುತ್ತದೆ. ಸೆರಗು ಬೀಳುವ ಬಲಗಡೆ ತೆರೆದೇ ಇರುತ್ತದೆ. ಕಡ್ಡಿ ಚಕ್ರವಾದರೆ ಇನ್ನೂ ಕಷ್ಟ, ಬಟ್ಟೆಯನ್ನು ಹಿಡಿದು ಒಳಗೆ ಎಳೆದುಕೊಳ್ಳಲು ಅದಕ್ಕೆ ಕಡ್ಡಿಗಳೇ ಕೈ. ಜಾಲರಿ ಇದೆಯೆಂದು ಸೆರಗನ್ನು ಬಿಡಬಾರದು.

ಐ.ಜಿ. ರಸ್ತೆಯ ವಿದ್ಯಾರ್ಥಿನಿ (ಚಿಕ್ಕಮಗಳೂರು)

ನಾನು ಬುರ್ಖಾ ಧರಿಸಿ ಸ್ಕೂಟರ್ ಓಡಿಸುತ್ತೇನೆ. ನಮ್ಮ ಕಷ್ಟ ಬೇರೆ. ಓಡಿಸುವವರ ಬಟ್ಟೆಯ ಮುಂಭಾಗ ಕಾಲಿಡುವ ಹಲಗೆಯ ಮೇಲಿರುತ್ತದೆ, ಅಲ್ಲಿ ಚಕ್ರವಿಲ್ಲ. ಆದರೆ ಹಿಂಭಾಗ ಸೀಟಿನ ಎರಡೂ ಪಕ್ಕದಲ್ಲಿ ಹಿಂದಕ್ಕೆ ಹಾರುತ್ತದೆ. ಹನುಮಂತಪ್ಪ ವೃತ್ತದಲ್ಲಿ ನಿಲ್ಲಿಸಿ ಕಾಲೂರುವಾಗ ಅಂಚನ್ನು ತುಳಿದರೆ ಗಾಡಿ ಸಮೇತ ವಾಲಬೇಕಾಗುತ್ತದೆ.

ನಮ್ಮ ಅಮ್ಮಿ ಇದಕ್ಕೆ ಒಂದು ದಾರಿ ಕಂಡುಹಿಡಿದಿದ್ದಾರೆ. ಮೊಣಕಾಲಿನ ಹತ್ತಿರ ಒಳಗಿನಿಂದ ಎರಡು ಕಡೆ ಟಿಚ್ ಬಟನ್ ಹೊಲಿದುಕೊಟ್ಟಿದ್ದಾರೆ. ಹೊರಡುವಾಗ ಎರಡೂ ಪಕ್ಕವನ್ನು ಮೇಲೆತ್ತಿ ಒತ್ತಿದರೆ ಅಂಚು ಪಾದದಿಂದ ಒಂದು ಗೇಣು ಮೇಲೆ ನಿಲ್ಲುತ್ತದೆ, ಒಳಗೆ ಪ್ಯಾಂಟ್ ಇರುತ್ತದೆ. ಜೋರಾಗಿ ಎಳೆದರೆ ಬಟನ್ ತಾನಾಗಿಯೇ ಬಿಚ್ಚಿಕೊಳ್ಳುತ್ತದೆ. ತಲೆವಸ್ತ್ರದ ತುದಿಗಳು ಜಾಕೆಟ್ಟಿನ ಒಳಗೆ, ಜಿಪ್ ಮೇಲಿನವರೆಗೆ. ದುಪಟ್ಟಾದ ಗೆಳತಿಯರಿಗೆ ನಾನು ಹೇಳುವುದು ಇಷ್ಟೇ: ಮಡಿಚಿ ಡಿಕ್ಕಿಯಲ್ಲಿಟ್ಟು, ಇಳಿದ ಮೇಲೆ ಹಾಕಿಕೊಳ್ಳಿ. ಧೂಳಿಗೆ ಒಂದು ಸಣ್ಣ ಕರವಸ್ತ್ರ ಸಾಕು.

ಕೈಮರದ ತಿರುವು

ಗಿರಿಗೆ ಬರುವ ಪ್ರವಾಸಿಗರಿಗೂ ಇದನ್ನು ಯಾರಾದರೂ ಹೇಳಬೇಕು. ಬಾಡಿಗೆ ಗಾಡಿ, ಕೊರಳಲ್ಲಿ ಉದ್ದನೆಯ ಸ್ಕಾರ್ಫ್, ಹಿಂದೆ ಒಬ್ಬರು ಮೊಬೈಲ್ ಹಿಡಿದು ಚಿತ್ರೀಕರಣ. ಮುಳ್ಳಯ್ಯನಗಿರಿಯ ಕಡೆ ತಿರುವು ದಾಟುವಾಗ ಗಾಳಿ ಪಕ್ಕದಿಂದ ಬೀಸುತ್ತದೆ, ಬಟ್ಟೆ ಹಿಂದಕ್ಕೆ ಮಾತ್ರ ಹಾರುತ್ತದೆ ಎಂದುಕೊಳ್ಳಬೇಡಿ. ಮಳೆಗಾಲದಲ್ಲಿ ಗುಂಡಿ ಹಾಕದ ರೇನ್‌ಕೋಟ್ ಕೂಡ ಅಷ್ಟೇ.

ಇನ್ನೊಂದು ಮಾತು. ಯಾರದ್ದಾದರೂ ಸೆರಗು ಇಳಿಬಿದ್ದದ್ದು ಕಂಡರೆ ನಾವೆಲ್ಲ ಹಾರ್ನ್ ಹೊಡೆದು, ಪಕ್ಕಕ್ಕೆ ಹೋಗಿ "ಸೆರಗು, ಸೆರಗು" ಎಂದು ಕೂಗುತ್ತೇವೆ. ಗಾಬರಿಯಾಗಿ ಅವರು ಗಕ್ಕನೆ ಬ್ರೇಕ್ ಹಾಕಿದರೆ, ಅಡ್ಡ ಕುಳಿತವರು ಅದಕ್ಕೇ ಬೀಳುತ್ತಾರೆ. ಕೂಗಬೇಡಿ ಎನ್ನಲು ಆಗುವುದಿಲ್ಲ, ಆದರೆ ಹೇಗೆ ಹೇಳಬೇಕು ಎಂಬುದು ನನಗೂ ಹೊಳೆದಿಲ್ಲ.

ರಿಂಚು ಪಾನ (ಹಾಸನ)

ಮುಂದೆ ಹೋಗಿ, ಅವರಿಗೆ ಕಾಣುವಂತೆ ಅಂಗೈ ಕೆಳಗೆ ಮಾಡಿ ನಿಧಾನ ಎಂದು ತೋರಿಸಿ. ಮಾತು ಆಮೇಲೆ. ಓಡಿಸುವವರು ಆಕ್ಸಿಲರೇಟರ್ ಬಿಟ್ಟು, ಎರಡೂ ಬ್ರೇಕನ್ನು ಹದವಾಗಿ ಹಿಡಿದು ಎಡಕ್ಕೆ ನಿಲ್ಲಿಸಬೇಕು. ಹಿಂದೆ ಕುಳಿತವರು ಓಡುವ ಗಾಡಿಯಲ್ಲಿ ಬಗ್ಗಿ ಸೆರಗನ್ನು ಎತ್ತಿಕೊಳ್ಳಲು ಹೋಗಬಾರದು.

ಹೊಯ್ಸಳ ಹುಡುಗಿ

ಎಲ್ಲರೂ ಸೆರಗಿನ ಬಗ್ಗೆ ಮಾತನಾಡುತ್ತಿದ್ದೀರಿ, ಅಡ್ಡ ಕೂರುವುದನ್ನೇ ಏಕೆ ಪ್ರಶ್ನಿಸುವುದಿಲ್ಲ? ಲೆಗ್ಗಿಂಗ್ಸ್ ಹಾಕಿ, ಸೀರೆಯನ್ನು ಸ್ವಲ್ಪ ಎತ್ತಿ, ಎರಡೂ ಕಡೆ ಕಾಲು ಹಾಕಿ ಕುಳಿತರೆ ಅರ್ಧ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ. ಹಿಂದಿನ ಕಾಲದ ಕಚ್ಚೆ ಸೀರೆಯಲ್ಲಿ ನಮ್ಮ ಅಜ್ಜಿಯರು ಗದ್ದೆಯಲ್ಲಿ ದುಡಿಯಲಿಲ್ಲವೇ?

ಕುಚ್ಚು ಕಟ್ಟುವವಳು (ಚನ್ನರಾಯಪಟ್ಟಣ)

ತಂಗಿ, ನೀನು ಹೇಳುವುದು ಸರಿ, ಆದರೆ ಅರವತ್ತು ದಾಟಿದವರ ಮಂಡಿ ಅದಕ್ಕೆ ಒಪ್ಪಬೇಕಲ್ಲ. ಎರಡೂ ಕಡೆ ಕುಳಿತರೂ ಸೆರಗು ಬೆನ್ನ ಮೇಲೆಯೇ ಇರುತ್ತದೆ. ಆಗ ಅದು ನೇರ ಹಿಂದಕ್ಕೆ, ಟೈರಿನ ಕಡೆಗೆ ಇಳಿಯುತ್ತದೆ. ಮೇಲಾಗಿ ಬಲಗಾಲಿನ ಕಡೆಯ ಅಂಚು ಸೈಲೆನ್ಸರಿಗೆ ತಾಗಿ ಸಿಂಥೆಟಿಕ್ ಸೀರೆಯಾದರೆ ಕರಗುತ್ತದೆ. ಕೊಡಗಿನವರ ಶೈಲಿಯಲ್ಲಿ ಉಟ್ಟರೆ ಸೆರಗು ಮುಂದಿನಿಂದ ಬಂದು ಬಲ ಭುಜಕ್ಕೆ ನಿಲ್ಲುತ್ತದೆ, ತುದಿ ಗಿಡ್ಡ. ಆದರೆ ಆಗ ನೆರಿಗೆ ಹಿಂದಕ್ಕೆ ಬರುತ್ತದೆ. ಯಾವುದನ್ನು ಆರಿಸಿದರೂ ಒಂದು ಕಡೆ ಕಣ್ಣಿಡಲೇಬೇಕು.

ಹೊಯ್ಸಳ ಹುಡುಗಿ

ಬೀಳುವ ಅಪಾಯ ಕಡಿಮೆಯಾಗುತ್ತದಲ್ಲ, ಅದನ್ನು ಯಾರೂ ಲೆಕ್ಕಕ್ಕೆ ಇಡುತ್ತಿಲ್ಲ. ನಾನಂತೂ ಅಡ್ಡ ಕೂರುವುದಿಲ್ಲ.

ಸಾಲಗಾಮೆ ರಸ್ತೆ ಟೀಚರ್ (ಹಾಸನ)

ಎಲ್ಲರಿಗೂ ಧನ್ಯವಾದ. ನಿನ್ನೆ ಸಂಜೆ ಅಂಗಳದಲ್ಲಿ ಗಾಡಿಯನ್ನು ಸೆಂಟರ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಮಗನನ್ನು ಮುಂದೆ ಹ್ಯಾಂಡಲ್ ಹಿಡಿದುಕೊಳ್ಳಲು ಹೇಳಿ, ಅತ್ತೆಯನ್ನು ಕೂರಿಸಿ ನೋಡಿದೆ. ಎಂಜಿನ್ ಆರಿಸಿಯೇ ಇತ್ತು. ಸೆರಗನ್ನು ಸುಮ್ಮನೆ ಬಿಟ್ಟಾಗ ಕುಚ್ಚು ನೇರವಾಗಿ ಸೈಲೆನ್ಸರಿನ ಮೇಲಕ್ಕೆ ಬಂದು ನಿಂತಿತು. ಅಷ್ಟು ದಿನ ಎಡಗಡೆಯ ಅಂಚನ್ನೇ ನೋಡುತ್ತಿದ್ದ ಅತ್ತೆಗೂ ಆಶ್ಚರ್ಯವಾಯಿತು. ತೊಡೆಯ ಕೆಳಗೆ ಅದುಮಿ ಒಮ್ಮೆ ಮೈ ಎತ್ತಿ ಕೂರಿ ಎಂದೆ. ಜಾರಿತು.

ಸೊಂಟಕ್ಕೆ ಸಿಕ್ಕಿಸಲು ಅವರು ಒಪ್ಪುತ್ತಿಲ್ಲ. ಗೃಹಪ್ರವೇಶಕ್ಕೆ ಹೋಗಿ ಇಳಿದಾಗ ಸೀರೆ ಸುಕ್ಕಾಗಿದ್ದರೆ ಬೀಗರು ಏನೆನ್ನುತ್ತಾರೆ ಎಂಬುದು ಅವರ ಪ್ರಶ್ನೆ. ಕೊನೆಗೆ ಅವರೇ ಒಂದು ಉಪಾಯ ಹೇಳಿದರು. ಬೆಳಗಿನ ಚಳಿಗೆ ಹೇಗೂ ಸ್ವೆಟರ್ ಬೇಕು. ಸೆರಗನ್ನು ಮಡಿಚಿ ಬೆನ್ನಿನಿಂದ ಮುಂದಕ್ಕೆ ತಂದು, ಮೇಲೆ ಸ್ವೆಟರ್ ಹಾಕಿ ಎಲ್ಲ ಗುಂಡಿಗಳನ್ನೂ ಹಾಕಿದರೆ ಸೆರಗು ಒಳಗೇ ಇರುತ್ತದೆ. ಸಿಕ್ಕಿಸುವಷ್ಟು ಸುಕ್ಕಾಗುವುದಿಲ್ಲ. ಮೈ ಎತ್ತಿ ಕೂರಿಸಿ ನೋಡಿದೆ, ಹೊರಗೆ ಬರಲಿಲ್ಲ. ಇದು ಸಾಕೇ?

ರಿಂಚು ಪಾನ (ಹಾಸನ)

ಸ್ವೆಟರಿನ ಕೆಳಗಿನ ಪಟ್ಟಿ ಬಿಗಿಯಾಗಿದ್ದರೆ ಸಾಕು. ಸಡಿಲವಾಗಿದ್ದರೆ ಕುಚ್ಚು ಕೆಳಗಿನಿಂದ ಇಣುಕುತ್ತದೆ. ಆಗ ಕುಚ್ಚನ್ನು ಮಾತ್ರ ಒಂದು ಕರವಸ್ತ್ರದಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಲಿ, ಸುಕ್ಕಾಗುವುದಿಲ್ಲ. ವಾಪಸ್ ಬರುವಾಗ ಬಿಸಿಲಿರುತ್ತದೆ, ಸ್ವೆಟರ್ ಬೇಡ ಎನ್ನುತ್ತಾರೆ. ಆಗ ಏನು ಮಾಡುವುದು ಎಂದು ಈಗಲೇ ಮಾತಾಡಿಕೊಳ್ಳಿ. ಅರ್ಧ ದಾರಿಯಲ್ಲಿ ಒಮ್ಮೆ ನಿಲ್ಲಿಸಿ, ಇಳಿಸಿ ನೋಡಿ. ಕನ್ನಡಿಯಲ್ಲಿ ಬಲಗಡೆಯ ಮೂಲೆ ಕಾಣುವುದಿಲ್ಲ.

ಸಾಲಗಾಮೆ ರಸ್ತೆ ಟೀಚರ್ (ಹಾಸನ)

ವಾಪಸ್ ಬರುವಾಗ ಬಸ್ಸಿನಲ್ಲಿ ಬರುತ್ತಾರಂತೆ. ಬಾಳೆಎಲೆ, ತೆಂಗಿನಕಾಯಿ ಎಲ್ಲ ಇರುತ್ತದೆ, ಸ್ಕೂಟರಿನಲ್ಲಿ ಆಗುವುದಿಲ್ಲ ಎಂದರು.

ಕಡೂರು ಎಕ್ಸ್‌ಪ್ರೆಸ್

ಕೊನೆಯದಾಗಿ ಒಂದು ಪ್ರಶ್ನೆ. ಅಮ್ಮನಿಗಾಗಿ ಎಲೆಕ್ಟ್ರಿಕ್ ಸ್ಕೂಟರ್ ನೋಡುತ್ತಿದ್ದೇನೆ. ಅದರಲ್ಲಿ ಸೈಲೆನ್ಸರೇ ಇಲ್ಲ, ಬಲಗಡೆಯ ಸಂದಿನ ತೊಂದರೆ ಇರುವುದಿಲ್ಲ ತಾನೆ?

ರಿಂಚು ಪಾನ (ಹಾಸನ)

ಸೈಲೆನ್ಸರ್ ಇಲ್ಲ, ಆದರೆ ಎಡಗಡೆ ಚಕ್ರವನ್ನು ಮುಚ್ಚುತ್ತಿದ್ದ ಎಂಜಿನ್ ಡಬ್ಬಿಯೂ ಇಲ್ಲ. ಕೆಲವದರಲ್ಲಿ ಮೋಟಾರ್ ಚಕ್ರದೊಳಗೇ ಇರುತ್ತದೆ, ಕೆಲವದರಲ್ಲಿ ಬೆಲ್ಟ್ ಇರುತ್ತದೆ. ಒಂದೊಂದು ಕಂಪನಿಯದು ಒಂದೊಂದು ರೀತಿ. ಕೊಳ್ಳುವ ಮುಂಚೆ ಷೋರೂಮಿನಲ್ಲೇ ಅಮ್ಮನವರನ್ನು ಸೀರೆಯಲ್ಲಿ ಕೂರಿಸಿ, ಎರಡೂ ಕಡೆ ಬಗ್ಗಿ ನೋಡಿ. ಮಾರುವವರು ನಕ್ಕರೆ ನಗಲಿ.